ಎಲ್ ನಿನೊ ಎಂದರೆ ಬರವೇ?

‘ಎಲ್ ನಿನೊ ಬಂದರೆ ಭಾರತಕ್ಕೆ ಬರ’ ಎಂಬ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಪಾಠವನ್ನು ಪೆರು ದೇಶದ ಮೀನಿನಿಂದ ಆರಂಭಿಸಬಹುದು. ಅಲ್ಲಿ ವಾಣಿಜ್ಯ ಮಾರುತಗಳು ಮೇಲಿನ ಬೆಚ್ಚನೆಯ ನೀರನ್ನು ದೂರ ತಳ್ಳುತ್ತವೆ. ಆಳದ ತಣ್ಣನೆಯ ನೀರು ಪೋಷಕಾಂಶಗಳೊಡನೆ ಮೇಲೇರುತ್ತದೆ. ಅದರಿಂದ ಪ್ಲವಕಗಳು ಬೆಳೆಯುತ್ತವೆ, ಅವನ್ನು ತಿಂದು ಆಂಚೊವಿ ಮೀನು ಹೆಚ್ಚುತ್ತದೆ. ಎಲ್ ನಿನೊ ವರ್ಷದಲ್ಲಿ ಮಾರುತ ಸೊರಗಿ ಬೆಚ್ಚನೆಯ ಪದರ ದಪ್ಪವಾಗುವುದರಿಂದ, ಮೇಲೇರುವ ನೀರಿನಲ್ಲಿ ಪೋಷಕಾಂಶ ಕಡಿಮೆ. 1970ರಲ್ಲಿ ಸುಮಾರು 120 ಲಕ್ಷ ಟನ್ ಸಿಕ್ಕಿದ್ದ ಆಂಚೊವಿ 1973ರಲ್ಲಿ 20 ಲಕ್ಷ ಟನ್ನೂ ಸಿಗಲಿಲ್ಲ. ಇದಕ್ಕೆ ಮಿತಿಮೀರಿ ಹಿಡಿದದ್ದೂ ಕಾರಣ.

ನಮ್ಮ ಮುಂಗಾರಿನ ನಂಟು ಇಷ್ಟು ನೇರವಲ್ಲ. 1997ರಲ್ಲಿ ಎಲ್ ನಿನೊ ಅತಿ ಪ್ರಬಲವಾಗಿತ್ತು. ಆದರೂ ದೇಶದ ಮುಂಗಾರು ಮಳೆ ಸರಾಸರಿಯ ಶೇ. 102. ಅದಕ್ಕಿಂತ ಸೌಮ್ಯವಾಗಿದ್ದ 2002ರಲ್ಲಿ ಶೇ. 81 ಮಾತ್ರ. 1997ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಕಾದು ಮಳೆಗೆ ನೆರವಾಯಿತು; 2002ರಲ್ಲಿ ಆ ನೆರವಿರಲಿಲ್ಲ.

ಈ ಎರಡು ವರ್ಷಗಳನ್ನು ಅಕ್ಕಪಕ್ಕ ಬರೆದು ‘ಏಕೆ ಹೀಗಾಯಿತು?’ ಎಂದು ಕೇಳಿದರೆ, ಎಲ್ ನಿನೊ ಬರದ ಸಂಭವವನ್ನು ಹೆಚ್ಚಿಸುತ್ತದೆಯೇ ಹೊರತು ಖಚಿತಪಡಿಸುವುದಿಲ್ಲ ಎಂಬುದು ಮಕ್ಕಳಿಗೆ ತಾನೇ ತಿಳಿಯುತ್ತದೆ.