ಗ್ರೇಸ್ ಅವಧಿಯಲ್ಲಿ ಏನು ಉಳಿಯುತ್ತದೆಂದು ಮೊದಲೇ ಹೇಳಲಿ

ಮಾನ್ಯ ಸಂಪಾದಕರೇ,

ಮೊಬೈಲ್ ಆಪ್‌ಗಳ ಚಂದಾ ಕುರಿತು ಕಳೆದ ವಾರ ನಿಮ್ಮಲ್ಲಿ ಬಂದ ಲೇಖನ ಓದಿದೆ. ನವೀಕರಣದ ಹಣ ಕಡಿತವಾಗದಿದ್ದರೂ ಒಂದಷ್ಟು ದಿನ ಪ್ರೀಮಿಯಂ ಸೌಲಭ್ಯಗಳೆಲ್ಲ ಉಚಿತವಾಗಿ ಮುಂದುವರಿಯುತ್ತವೆ, ಗಾಬರಿ ಬೇಡ ಎಂದು ಅದರಲ್ಲಿ ಬರೆದಿದ್ದಾರೆ. ಆಪ್‌ಗಳ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ಕೆಲಸದಲ್ಲೇ ಇರುವ ನನಗೆ ಈ ಮಾತು ಅರ್ಧ ಮಾತ್ರ ಸರಿ ಅನ್ನಿಸಿತು. ಓದುಗರು ಅದನ್ನೇ ನಂಬಿ ಕೂತರೆ ತೊಂದರೆಗೆ ಸಿಲುಕುತ್ತಾರೆ.

ಮೊದಲು ಉಚಿತ ಎಂಬ ಮಾತನ್ನೇ ನೋಡೋಣ. ತಿಂಗಳಿಗೆ 149 ರೂಪಾಯಿಯ ಒಂದು ಚಂದಾ ಪ್ರತಿ 5ನೇ ತಾರೀಖು ನವೀಕರಣವಾಗುತ್ತದೆ ಎಂದಿಟ್ಟುಕೊಳ್ಳಿ. ಆ ದಿನ ಖಾತೆಯಲ್ಲಿ ಹಣವಿರಲಿಲ್ಲ. ಆಪ್‌ನವರು 7 ದಿನದ ಗ್ರೇಸ್ ಅವಧಿ ಇಟ್ಟಿದ್ದಾರೆ. ನೀವು 10ಕ್ಕೆ ಹಣ ತುಂಬಿದಿರಿ, ಕಡಿತವಾಯಿತು. ಮುಂದಿನ ಕಂತು ಯಾವತ್ತು? ಮತ್ತೆ 5ಕ್ಕೇ. ಗೂಗಲ್ ಪ್ಲೇ ಇರಲಿ, ಆಪಲ್‌ನ ಆಪ್ ಸ್ಟೋರ್ ಇರಲಿ, ಗ್ರೇಸ್ ಅವಧಿಯೊಳಗೆ ಹಣ ಬಂದರೆ ನವೀಕರಣದ ತಾರೀಖು ಬದಲಾಗುವುದಿಲ್ಲ. ಅಂದರೆ ನಡುವಿನ ಆ ಐದು ದಿನದ ಬೆಲೆಯೂ ನೀವು ಕೊಟ್ಟ 149ರಲ್ಲಿ ಸೇರಿದೆ. ಗ್ರೇಸ್ ಅವಧಿಯೊಳಗೆ ಹಣ ಕೊಡದೆ ಬಿಟ್ಟವನಿಗೆ ಮಾತ್ರ ಅದು ಬಿಟ್ಟಿ. ಗ್ರೇಸ್ ಮುಗಿದು, ಸೇವೆ ನಿಂತು, 20ಕ್ಕೆ ಹಣ ಹೋಯಿತೆನ್ನಿ. ಆಗ 20ನೇ ತಾರೀಖೇ ಹೊಸ ನವೀಕರಣದ ದಿನವಾಗುತ್ತದೆ. ಸೇವೆಯಿಲ್ಲದ ದಿನಗಳಿಗೆ ಹಣ ಹಿಡಿಯುವುದಿಲ್ಲ. ಇದು ನ್ಯಾಯವಾಗಿಯೇ ಇದೆ, ಆದರೆ ಖರೀದಿಯ ಹೊತ್ತಿಗೆ ಯಾವ ಆಪ್ ಇದನ್ನು ಬಾಯಿಬಿಟ್ಟು ಹೇಳುತ್ತದೆ?

ಇನ್ನು ಸೌಲಭ್ಯಗಳ ವಿಷಯ. ಗೂಗಲ್ ಪ್ಲೇ ತನ್ನ ಆಪ್ ತಯಾರಕರಿಗೆ ಹೇಳುವುದು ಸ್ಪಷ್ಟವಾಗಿದೆ: ಗ್ರೇಸ್ ಅವಧಿ ನಡೆಯುತ್ತಿರುವಾಗ ಚಂದಾದಾರನಿಗೆ ಎಲ್ಲವೂ ಮೊದಲಿನಂತೆ ಸಿಗಬೇಕು. ಜಾಹೀರಾತಿಲ್ಲದ ವಿಡಿಯೊ, ಡೌನ್‌ಲೋಡ್ ಮಾಡಿಟ್ಟ ಪಾಠ, ಅಣಕು ಪರೀಕ್ಷೆ ಯಾವುದನ್ನೂ ಮುಚ್ಚುವಂತಿಲ್ಲ. ಅದರ ನಂತರ ಬರುವುದು ‘ಅಕೌಂಟ್ ಹೋಲ್ಡ್’. ಅಲ್ಲಿ ಚಂದಾ ಇನ್ನೂ ಜೀವಂತವಾಗಿರುತ್ತದೆ, ಸೌಲಭ್ಯ ಮಾತ್ರ ಇರುವುದಿಲ್ಲ. ಗ್ರಾಹಕನ ಕಣ್ಣಿಗೆ ಈ ಎರಡು ಹಂತಗಳೂ ಒಂದೇ ಥರ ಕಾಣುತ್ತವೆ, ಏಕೆಂದರೆ ಎರಡರಲ್ಲೂ ಬರುವುದು ಪಾವತಿ ವಿಧಾನ ಸರಿಪಡಿಸಿ ಎಂಬ ಸಂದೇಶವೇ. ಆಪಲ್‌ನಲ್ಲಿ ಮಾತು ಇನ್ನೂ ಬಿಗಿ. ಅಲ್ಲಿ ಗ್ರೇಸ್ ಅವಧಿ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವವನು ಆಪ್ ತಯಾರಕ. ಆರಿಸಿದರೆ 3, 16 ಅಥವಾ 28 ದಿನ, ವಾರದ ಚಂದಾ ಆದರೆ ಹೆಚ್ಚೆಂದರೆ 6 ದಿನ. ಆರಿಸದಿದ್ದರೆ ಕಡಿತ ವಿಫಲವಾದ ದಿನವೇ ಬಾಗಿಲು ಮುಚ್ಚಬಹುದು. ಒಂದೇ ಆಪ್‌ಗೆ ಒಂದೇ ಬೆಲೆ ಕೊಡುವ ಅಣ್ಣ–ತಂಗಿಯರಲ್ಲಿ ಆಂಡ್ರಾಯ್ಡ್ ಫೋನಿನವನಿಗೆ ವಾರದ ಕಾಲಾವಕಾಶ ಸಿಕ್ಕು, ಐಫೋನಿನವಳಿಗೆ ಒಂದು ದಿನವೂ ಸಿಗದಿರಬಹುದು.

ಕಾಗದದ ಮೇಲೆ ಎಲ್ಲ ಸೌಲಭ್ಯ ಇದ್ದೂ ಆಪ್ ಬೀಗ ಹಾಕುವುದುಂಟು. ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಬಳಸುವ ಒಂದು ಆಪ್‌ನಲ್ಲಿ ಹೀಗೇ ಆಯಿತು. ಪ್ಲೇ ಸ್ಟೋರ್ ಪ್ರಕಾರ ಗ್ರೇಸ್ ಅವಧಿ ಬಾಕಿಯಿತ್ತು, ಆಪ್ ತೆರೆದರೆ ಪಾಠಗಳೆಲ್ಲ ಬಂದ್. ಕಾರಣ ದೊಡ್ಡದೇನಲ್ಲ. ಗ್ರೇಸ್ ಅವಧಿಯಲ್ಲಿ ಗೂಗಲ್ ತನ್ನ ದಾಖಲೆಯಲ್ಲಿ ಚಂದಾ ಮುಗಿಯುವ ತಾರೀಖನ್ನು ತಾನೇ ಮುಂದಕ್ಕೆ ತಳ್ಳುತ್ತದೆ. ಆಪ್ ಆ ದಾಖಲೆಯನ್ನು ಹೊಸದಾಗಿ ಕೇಳಿ ನೋಡಬೇಕು. ಅದು ಬಿಟ್ಟು, ಹಿಂದಿನ ತಿಂಗಳು ಫೋನಿನಲ್ಲಿ ಬರೆದಿಟ್ಟುಕೊಂಡ ಹಳೆಯ ತಾರೀಖನ್ನೇ ಹಿಡಿದು ಕೂತರೆ ಕೊಟ್ಟ ಸವಲತ್ತು ಗ್ರಾಹಕನಿಗೆ ತಲುಪುವುದೇ ಇಲ್ಲ. ಆಪಲ್‌ನಲ್ಲಿ ಗ್ರೇಸ್ ಮುಗಿಯುವ ದಿನ `gracePeriodExpiresDate` ಎಂಬ ಬೇರೆಯದೇ ಜಾಗದಲ್ಲಿರುತ್ತದೆ. ಚಂದಾ ಮುಗಿಯುವ ದಿನವನ್ನಷ್ಟೇ ನೋಡುವ ಆಪ್ ಅಲ್ಲಿಯೂ ಇದೇ ತಪ್ಪು ಮಾಡುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ ಚಂದಾಗಳ ಪಟ್ಟಿ ತೆರೆಯಿರಿ. ಅಲ್ಲಿ ಗ್ರೇಸ್ ಇನ್ನೂ ಮುಗಿದಿಲ್ಲವೆಂದಿದ್ದು ಆಪ್ ಮಾತ್ರ ಬೀಗ ಹಾಕಿದ್ದರೆ ದೋಷ ಆಪ್‌ನದು. ಇಂಟರ್ನೆಟ್ ಇರುವಲ್ಲಿ ಆಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ‘ಖರೀದಿ ಮರಳಿ ಪಡೆಯಿರಿ’ ಎಂಬ ಗುಂಡಿಯಿದ್ದರೆ ಒತ್ತಿ ನೋಡಿ. ಬಹಳ ಸಲ ಅಷ್ಟರಲ್ಲೇ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಆಪ್‌ನವರಿಗೆ ಕಳಿಸಿ.

ಇಂಥ ಹೊತ್ತಿನಲ್ಲಿ ಮಾಡಬಾರದ ಕೆಲಸವೂ ಒಂದಿದೆ. ಅವಸರದಲ್ಲಿ ಆಪ್‌ನ ವೆಬ್‌ಸೈಟಿಗೆ ಹೋಗಿ ಹೊಸ ಚಂದಾ ಕಟ್ಟಿಬಿಡುವುದು. ಹಳೆಯದು ಸತ್ತಿರುವುದಿಲ್ಲ, ಸ್ಟೋರ್ ಹಣಕ್ಕಾಗಿ ಮತ್ತೆ ಮತ್ತೆ ಯತ್ನಿಸುತ್ತಲೇ ಇರುತ್ತದೆ, ಆಪಲ್ ಅಂತೂ 60 ದಿನಗಳವರೆಗೆ. ಖಾತೆಗೆ ಸಂಬಳವೋ ಪಿಂಚಣಿಯೋ ಬಿದ್ದ ದಿನ ಹಳೆಯ ಚಂದಾದ ಹಣವೂ ಹೋಗುತ್ತದೆ, ಒಂದೇ ಸೇವೆಗೆ ಎರಡು ಸಲ. ಚಂದಾ ಬೇಡವೆಂದು ಸುಮ್ಮನೆ ಕೂತವರಿಗೂ ಇದೇ ಗತಿ. ಹಣ ಕಟ್ಟದಿದ್ದರೆ ರದ್ದಾದಂತೆಯೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು, ಸ್ಟೋರಿನ ಯತ್ನಗಳು ಮುಗಿಯುವ ತನಕ ನೀವೇ ರದ್ದು ಮಾಡಿದರೆ ಮಾತ್ರ ರದ್ದು.

ನಿಯಮ ಮಾಡುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಹಣ ಕಡಿತವಾಗುವ ತನಕದ ದಾರಿಗೆ ನಮ್ಮಲ್ಲಿ ಒಳ್ಳೆಯ ಕಾವಲಿದೆ. ರಿಸರ್ವ್ ಬ್ಯಾಂಕಿನ ಇ–ಮ್ಯಾಂಡೇಟ್ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲೇ ಬ್ಯಾಂಕ್ ತಿಳಿಸಬೇಕು. 2022ರ ಜೂನ್‌ನಲ್ಲಿ ಮಿತಿ ಏರಿಸಿದ ಮೇಲೆ ಇಂಥ ಚಂದಾಗಳಲ್ಲಿ 15,000 ರೂಪಾಯಿ ಮೀರಿದ ಕಂತಿಗೆ ಪ್ರತಿ ಸಲವೂ ಒಟಿಪಿಯಂಥ ಒಪ್ಪಿಗೆ ಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ, ಚಂದಾ ರದ್ದತಿಯನ್ನು ಗೋಜಲು ಮಾಡುವುದನ್ನೂ 13 ವಂಚಕ ತಂತ್ರಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ಕಡಿತ ವಿಫಲವಾದ ಮರುಗಳಿಗೆಯಿಂದ ಗ್ರಾಹಕ ಪೂರ್ತಿ ಆಪ್‌ನವರ ಮರ್ಜಿಯಲ್ಲಿ. ಎಷ್ಟು ದಿನ, ಏನೇನು ಉಳಿಯುತ್ತದೆ, ಅವನು ಬರೆದಿಟ್ಟ ಟಿಪ್ಪಣಿಗಳ ಗತಿಯೇನು ಎಂಬುದನ್ನು ಹೇಳಲೇಬೇಕೆಂಬ ಒತ್ತಾಯ ಇವುಗಳಲ್ಲಿಲ್ಲ.

ಎಲ್ಲರೂ ಇಂತಿಷ್ಟೇ ದಿನ ಕೊಡಬೇಕೆಂದು ನಾನು ಕೇಳುತ್ತಿಲ್ಲ. ಸಣ್ಣ ಆಪ್‌ನವರಿಗೆ ಒಂದು ತಿಂಗಳ ಸಾಲ ಭಾರವೇ; ಮೊದಲ ತಿಂಗಳೇ ಕೈಯೆತ್ತಿ ಗ್ರೇಸ್‌ನಲ್ಲಿ ಎಲ್ಲ ಡೌನ್‌ಲೋಡ್ ಮಾಡಿಕೊಂಡು ಹೋಗುವ ಜಾಣರನ್ನೂ ಕಂಡಿದ್ದೇನೆ. ಕೇಳುವುದು ಇಷ್ಟೇ: ಬೆಲೆ ತೋರಿಸುವ ಪರದೆಯಲ್ಲೇ ಗ್ರೇಸ್ ಅವಧಿ ಎಷ್ಟು ದಿನ, ಆಗ ಯಾವ ಸೌಲಭ್ಯ ಉಳಿಯುತ್ತದೆ, ಹೋಲ್ಡ್ ಯಾವಾಗ ಶುರು ಎಂದು ಎರಡು ಸಾಲು ಕನ್ನಡದಲ್ಲೂ ಇರಲಿ. ಕಡಿತ ವಿಫಲವಾದ ದಿನ ಬರುವ ಸಂದೇಶದಲ್ಲಿ ಕೊನೆಯ ತಾರೀಖು ಇರಲಿ. ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿಗೆ ಇದೊಂದನ್ನು ಸೇರಿಸಬೇಕು. ಅಲ್ಲಿಯವರೆಗೆ, ಗ್ರೇಸ್ ಅವಧಿಯಲ್ಲೇ ಸೌಲಭ್ಯ ಕಳೆದುಕೊಂಡ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.

– ಓರ್ವ ಓದುಗ, ಶಿವಮೊಗ್ಗ