ಬಾಕಿ ಇಟ್ಟವರು ಕ್ರೇಟ್ ವಾಪಸ್ ಕಳಿಸಲಾರರು

ಪಟ್ಟಣದ ಖಾನಾವಳಿ, ಹಾಸ್ಟೆಲ್ ಮೆಸ್ ನಡೆಸುವವರ ಹತ್ತಿರ ಕೂತರೆ ನಮಗೆ ಕೇಳುವುದು ಒಂದೇ ದೂರು: ‘ತರಕಾರಿಯವನು ಕ್ರೇಟಿನ ಮೇಲೆ ಚೆಂದದ ಟೊಮೆಟೊ ಇಟ್ಟು, ತಳದಲ್ಲಿ ಒಡೆದದ್ದು ತುಂಬ್ತಾನೆ.’ ವಾಪಸ್ ಕಳಿಸಬಹುದಲ್ಲ ಅಂದರೆ ಉತ್ತರ ಮೆಲ್ಲಗೆ ಬರುತ್ತದೆ: ‘ಬಾಕಿ ಇದೆಯಲ್ಲ.’ ರೋಗದ ಮೂಲ ಅಲ್ಲೇ ಇದೆ ಎಂಬುದು ನಮ್ಮ ವಾದ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 100 ಕೆಜಿ ಟೊಮೆಟೊ ಬೇಕು. ನಗದಿಗೆ ಕೆಜಿಗೆ 20 ರೂಪಾಯಿ, ತಿಂಗಳ ಕೊನೆಗೆ ಕೊಟ್ಟರೆ 22. ಎರಡೇ ರೂಪಾಯಿ ತಾನೆ ಅನ್ನಿಸುತ್ತದೆ. ಆದರೆ 60,000 ರೂಪಾಯಿಯ ಮಾಲಿಗೆ ತಿಂಗಳಿಗೆ 6,000 ಹೆಚ್ಚು ಕೊಟ್ಟಂತಾಯಿತು. ಮೊದಲ ದಿನದ ಮಾಲಿಗೆ 30 ದಿನದ ಸಾಲ ಸಿಕ್ಕರೆ ಕೊನೆಯ ದಿನದ್ದಕ್ಕೆ ಸಾಲವೇ ಇಲ್ಲ. ಸರಾಸರಿ 15 ದಿನ. ಅಂದರೆ ಬಡ್ಡಿ ನೂರಕ್ಕೆ ತಿಂಗಳಿಗೆ ಇಪ್ಪತ್ತು! ಊರಿನ ಲೇವಾದೇವಿಯವರೂ ಇಷ್ಟು ಕೇಳಲು ಹಿಂಜರಿದಾರು.

ಇದರಲ್ಲಿ ಪೂರೈಕೆದಾರನನ್ನಷ್ಟೇ ಬೈದು ಫಲವಿಲ್ಲ. ಅವನು ಮಂಡಿಯಲ್ಲಿ ನಗದು ಎಣಿಸಿ ಬಂದಿರುತ್ತಾನೆ. ಬಾಕಿ ಬೆಳೆದಷ್ಟೂ ದರ ಏರಿಸುತ್ತಾನೆ, ಇಲ್ಲವೇ ಮಾಲಿನಲ್ಲಿ ಕೈ ಬಿಡುತ್ತಾನೆ. ಖರೀದಿದಾರರು ಬಿಲ್ ಕೊಡುವ ದಿನ ‘ಆವತ್ತು ಕೊಳೆತಿತ್ತು’ ಎಂದು ಹಣ ಮುರಿಯುತ್ತಾರೆ. ತಿಂಗಳ ಹಿಂದಿನ ಕೊಳೆತಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಆದ್ದರಿಂದ ಕರಾರಿನಲ್ಲಿ ಮೊದಲು ಬರೆಯಬೇಕಾದದ್ದು ಎರಡು ಮಾತು: ಹಣ ವಾರಕ್ಕೊಮ್ಮೆ, ತಕರಾರು ಬಾಗಿಲಲ್ಲೇ. ಬಂದ ಕ್ರೇಟುಗಳಲ್ಲಿ ನಮಗೆ ಬೇಕಾದ ಒಂದನ್ನು ಆರಿಸಿ, ಚಾಲಕನ ಎದುರೇ ತಟ್ಟೆಗೆ ಸುರಿಯಬೇಕು. ಖಾಲಿ ಕ್ರೇಟಿನ ತೂಕ ಕಳೆಯಬೇಕು. ‘ತಂದದ್ದು 100, ವಾಪಸ್ 12, ಒಡೆದದ್ದು, ಬಿಲ್ 88 ಕೆಜಿಗೆ’ ಎಂದು ಚೀಟಿಯ ಎರಡೂ ಪ್ರತಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಆಮೇಲೆ ರಾತ್ರಿ ಫೋನ್ ಮಾಡಿ ಮುರಿಯುವಂತಿಲ್ಲ.

ಕೋಳಿಯ ತಪಾಸಣೆ ಬೇರೆ. ತಂಪು ಮಾಡಿ ತಂದದ್ದಾದರೆ ತೊಡೆಯ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. 5 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಒಳಗೆ ಬೇಡ. ನೀರು ಬಸಿದ ಮೇಲೆ ತೂಗಬೇಕು, ಇಲ್ಲದಿದ್ದರೆ ಐಸ್ ಕರಗಿದ ನೀರಿಗೂ ಕೋಳಿಯ ದರ.

ಬಿಡಿ ಹಾಲಿಗೆ ಲ್ಯಾಕ್ಟೋಮೀಟರ್ ಒಂದನ್ನೇ ನಂಬಬಾರದು. ನೀರು ಬೆರೆಸಿದರೆ ಅದರ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಅಂಕಿಯಲ್ಲಿ ಶುದ್ಧವಾಗಿಯೇ ಕಾಣುತ್ತದೆ. ಹಾಗಾಗಿ ಕರಾರಿನಲ್ಲಿ ಕೊಬ್ಬಿನ ಅಂಶವನ್ನೂ ಬರೆದು, ಆಗಾಗ ಮಾದರಿ ತೆಗೆದು ಡೇರಿಯಲ್ಲಿ ಪರೀಕ್ಷೆ ಮಾಡಿಸಬೇಕು.

ಇವೆಲ್ಲ ಕಷ್ಟದ ಕೆಲಸವೇನಲ್ಲ. ಆದರೆ ಹಳೆ ಬಾಕಿ ತಲೆಯ ಮೇಲಿರುವಾಗ ಯಾರಿಗೂ ಬಾಯಿ ಬರುವುದಿಲ್ಲ. ದರ ಚೌಕಾಸಿ ಮಾಡುವ ಮುನ್ನ ಹಳೆಯದನ್ನು ಕಂತಿನಲ್ಲಾದರೂ ತೀರಿಸಲು ಶುರು ಮಾಡಿ. ಕ್ರೇಟ್ ಸುರಿದು ನೋಡುವ ಧೈರ್ಯ ಅಲ್ಲಿಂದ ಬರುತ್ತದೆ.