ಕಣದಿಂದ ಕೊಟ್ಟಿಗೆಗೆ ಬಂದ ಫಸಲಿನ ವಿಮೆ

ಹಾನಗಲ್ಲಿನ ಭತ್ತವಾಗಲಿ, ಹಿರೇಕೆರೂರಿನ ಗೋವಿನಜೋಳವಾಗಲಿ ಮನೆ ಸೇರಿದ ಮೇಲೆ ರೈತನಿಗೆ ಒಂದು ನೆಮ್ಮದಿ. ಮಳೆಯ ಭಯ ಕಳೆಯಿತು. ಹೇಗೂ ಬೆಳೆವಿಮೆಯ ಕಂತು ಕಟ್ಟಿದೆ ಎಂದು ಆತನು ಭಾವಿಸುತ್ತಾನೆ. ಊರಿನ ಹೊಲವನ್ನು ಅಣ್ಣತಮ್ಮಂದಿರಿಗೊಪ್ಪಿಸಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲಸಿದವರ ಭಾವನೆಯೂ ಅದೇ. ಆದರೆ ಬೆಳೆವಿಮೆಯ ರಕ್ಷಣೆ ಮುಗಿಯುವುದು ಅಲ್ಲಿಯೇ.

2016ರಿಂದ ನಡೆದುಬಂದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಮುಖ್ಯವಾಗಿ ಹೊಲದಲ್ಲಿ ನಿಂತ ಬೆಳೆಗೆ ಸಂಬಂಧಿಸಿದ್ದು. ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ ಫಸಲಿಗೆ ಹದಿನಾಲ್ಕು ದಿನಗಳವರೆಗೆ ಆಲಿಕಲ್ಲು, ಚಂಡಮಾರುತ, ಅಕಾಲಿಕ ಮಳೆಗಳಿಂದ ರಕ್ಷಣೆಯುಂಟು. ಕೊಟ್ಟಿಗೆಯಲ್ಲಿ ತುಂಬಿಟ್ಟ ಚೀಲಗಳು ಬೆಂಕಿಗೆ ಆಹುತಿಯಾದರೆ ಆ ಯೋಜನೆ ಉತ್ತರ ಕೊಡುವುದಿಲ್ಲ. ಅದಕ್ಕೆ ಬೇಕಾದುದು ಅಗ್ನಿವಿಮೆ; ಕಳವಿಗೆ ಕಳ್ಳತನದ ವಿಮೆ; ಪಂಪಿಗೆ ಪಂಪ್‌ಸೆಟ್ ವಿಮೆ. ಈ ಮೂರರಲ್ಲಿಯೂ ನಾವು ನಿತ್ಯ ಬಳಸುವ ಮಾತುಗಳಿಗೆ ಕರಾರುಪತ್ರದಲ್ಲಿ ತುಸು ಕಿರಿದಾದ ಅರ್ಥವಿದೆ.

ಮೊದಲು ಬೆಂಕಿ. ಹೊರಗಿನ ಕಿಡಿಯಿಂದ ಹೊತ್ತಿಕೊಂಡ ಬಣವೆಗೂ, ತಾನಾಗಿಯೇ ಕಾದು ಹೊತ್ತಿಕೊಂಡ ಬಣವೆಗೂ ವಿಮೆಯ ದೃಷ್ಟಿಯಲ್ಲಿ ಬಹಳ ಅಂತರ. ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೆ ಹುಳಿತು ಕಾವೇರುತ್ತದೆ. ಕಾವು ಹೊರಹೋಗಲು ದಾರಿಯಿಲ್ಲದೆ ಕೆಲವು ವಾರಗಳಲ್ಲಿ ಬೆಂಕಿಯಾಗಬಹುದು. ಅಗ್ನಿವಿಮೆಯ ಕೆಲವು ಕರಾರುಗಳು ಹೀಗೆ ತಾನೇ ಕಾದು ಸುಟ್ಟ ಸರಕಿನ ನಷ್ಟವನ್ನು ಹೊರಗಿಡುತ್ತವೆ. ಹೆಚ್ಚಿನ ಕಂತು ತೆತ್ತು ಅದನ್ನು ಸೇರಿಸಿಕೊಳ್ಳಬಹುದು. ಬಣವೆಯಿಂದ ಒಗರು ವಾಸನೆ ಬಂದರೆ, ಒಳಕ್ಕೆ ತೂರಿಸಿದ ಕಬ್ಬಿಣದ ಸಲಾಕೆ ಹಿಡಿಯಲಾರದಷ್ಟು ಬಿಸಿಯಾಗಿ ಹೊರಬಂದರೆ ಅಪಾಯ ಸಮೀಪಿಸಿದೆಯೆಂದೇ ತಿಳಿಯಬೇಕು.

ಎರಡನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲೆರಗಿ ಕೊಟ್ಟಿಗೆ ಸುಟ್ಟರೆ ಅಗ್ನಿವಿಮೆ ಅದನ್ನು ಭರಿಸುತ್ತದೆ. ಆದರೆ ಸಿಡಿಲಿನಿಂದ ತಂತಿಯಲ್ಲಿ ಒತ್ತಡ ಏರಿ ಮೋಟಾರಿನ ಸುರುಳಿ ಸುಟ್ಟುಹೋದರೆ? ಸಾಮಾನ್ಯ ಅಗ್ನಿವಿಮೆಯ ಕರಾರಿನ ಪ್ರಕಾರ ಆ ಮೋಟಾರಿನ ನಷ್ಟಕ್ಕೆ ಪರಿಹಾರವಿಲ್ಲ. ಅದರಿಂದ ಹಬ್ಬಿದ ಬೆಂಕಿಯಲ್ಲಿ ಬೇರೆ ವಸ್ತುಗಳು ಸುಟ್ಟರೆ ಅವಕ್ಕೆ ಉಂಟು. ಪಂಪ್‌ಸೆಟ್ ವಿಮೆಯನ್ನು ಬೇರೆಯಾಗಿ ಮಾಡಿಸಬೇಕಾದುದು ಇದರಿಂದಲೇ. ಬೆಂಕಿ, ಸಿಡಿಲು, ಕಳವುಗಳೊಡನೆ ಯಂತ್ರದ ಹಾಗೂ ವಿದ್ಯುತ್ತಿನ ಆಕಸ್ಮಿಕ ಕೆಡುಕುಗಳನ್ನೂ ಅದು ಒಳಗೊಳ್ಳುತ್ತದೆ; ಬಳಕೆಯ ಸವೆತವನ್ನು ಮಾತ್ರ ಒಳಗೊಳ್ಳದು. ಸ್ಟಾರ್ಟರ್ ಮತ್ತು ಕೇಬಲ್ ಅದರಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿ, ಬರೆಹದಲ್ಲಿಯೇ ಪಡೆಯುವುದು ಲೇಸು.

ಮೂರನೆಯದು ಕಳವು. ಬೀಗ ಮುರಿದು, ಗೋಡೆ ಕೊರೆದು, ಬಲಪ್ರಯೋಗದ ಗುರುತು ಉಳಿಯುವಂತೆ ಆದುದು ಮಾತ್ರ ಸಾಮಾನ್ಯವಾಗಿ ಕಳ್ಳತನದ ವಿಮೆಗೆ ಬರುತ್ತದೆ. ತೆರೆದ ಕಣದಿಂದ ಮಾಯವಾದ ಚೀಲಗಳಿಗೆ ಪರಿಹಾರ ಸಿಗುವುದು ದುರ್ಲಭ. ಸವಣೂರು, ಶಿಗ್ಗಾಂವಿಗಳ ಹೊಲಗಳಲ್ಲಿ ಬಾಗಿಲಿಲ್ಲದ ಪಂಪಿನ ಮನೆಗೊಂದು ಗಟ್ಟಿ ಬಾಗಿಲೂ ಬೀಗವೂ ಬೇಕೆನ್ನುವುದು ಈ ಕಾರಣಕ್ಕೆ. ಮುರಿದ ಬೀಗವನ್ನು ಎಸೆಯಬಾರದು, ಅದೇ ಸಾಕ್ಷಿ.

ಇನ್ನು ಮೊತ್ತದ ಮಾತು. ಕಂತು ಉಳಿಸಲೆಂದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರು ಎಡವುವುದು ಇಲ್ಲಿಯೇ. ಹಿರೇಕೆರೂರಿನ ಒಬ್ಬ ರೈತನ ಕೊಟ್ಟಿಗೆಯಲ್ಲಿ ಇನ್ನೂರು ಕ್ವಿಂಟಾಲ್ ಗೋವಿನಜೋಳವಿದೆಯೆನ್ನೋಣ. ಕ್ವಿಂಟಾಲಿಗೆ 2,000 ರೂಪಾಯಿಯಂತೆ ಅದರ ಬೆಲೆ 4,00,000. ಆತನು 2,00,000ಕ್ಕೆ ಮಾತ್ರ ವಿಮೆ ಮಾಡಿಸಿದ್ದಾನೆ. ಅರ್ಧ ದಾಸ್ತಾನು ಸುಟ್ಟು 2,00,000 ನಷ್ಟವಾಯಿತು. ವಿಮೆಯ ಮೊತ್ತವೆಲ್ಲ ಕೈಗೆ ಬರುವುದೆಂದು ಆತನ ಎಣಿಕೆ. ಆದರೆ ಸರಾಸರಿಯ ನಿಯಮದಂತೆ, ಬೆಲೆಯ ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದ ಅರ್ಧವೇ ಸಲ್ಲುತ್ತದೆ. ಕೈಸೇರುವುದು 1,00,000, ಅದರಲ್ಲಿಯೂ ಕರಾರಿನಂತೆ ಕಳೆಯತಕ್ಕ ಭಾಗ ಬೇರೆ. ಆದಕಾರಣ ಸುಗ್ಗಿಯ ನಂತರ ಕೊಟ್ಟಿಗೆಯಲ್ಲಿ ಅತಿ ಹೆಚ್ಚು ದಾಸ್ತಾನು ಇರುವ ದಿನದ ಬೆಲೆಯನ್ನೇ ವಿಮೆಯ ಮೊತ್ತವಾಗಿ ಹಿಡಿಯಬೇಕು. ಚಾವಣಿ ಹುಲ್ಲಿನದಾಗಿದ್ದರೆ ಅದನ್ನು ಮುಚ್ಚಿಡದೆ ತಿಳಿಸಬೇಕು. ಕಂತು ಹೆಚ್ಚಾದೀತು, ಆದರೆ ಪರಿಹಾರ ಕೇಳುವಾಗ ತಕರಾರು ಬಾರದು.

ಹಾನಿಯಾದ ದಿನವೇ ವಿಮಾ ಕಂಪನಿಗೆ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೆ, ಕಳವಾದರೆ ಪೊಲೀಸ್ ಠಾಣೆಗೆ ದೂರು ಸಲ್ಲಬೇಕು. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಚೀಲಗಳನ್ನಾಗಲಿ ಮೋಟಾರನ್ನಾಗಲಿ ಕದಲಿಸಬಾರದು. ಉಳಿದ ಕಾಳನ್ನು ಕಾಪಾಡುವ ಹೊಣೆ ಮಾತ್ರ ರೈತನದೇ. ಎಪಿಎಂಸಿಯ ಹಳೆಯ ಪಟ್ಟಿಗಳು, ಪಹಣಿ, ಮೋಟಾರು ಕೊಂಡ ರಸೀದಿ, ಕೊಟ್ಟಿಗೆ ತುಂಬಿದ ದಿನ ತೆಗೆದ ಒಂದು ಚಿತ್ರ, ಇವೆಲ್ಲ ದಾಸ್ತಾನಿಗೆ ಆಧಾರ. ಕಂಪನಿಯ ತೀರ್ಮಾನ ಅನ್ಯಾಯವೆನಿಸಿದರೆ ಮೊದಲು ಕಂಪನಿಗೇ ಬರೆದು, ಬಳಿಕ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಈ ಕಾಗದಗಳನ್ನು ಕೊಟ್ಟಿಗೆಯಲ್ಲಿ ಇಡದೆ ಪೇಟೆಯ ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು, ನಗರದಲ್ಲಿರುವ ಮಗನೋ ಮಗಳೋ ಹೊರಬಹುದಾದ ಹೊಣೆ.